ಉಯಿಲಿನ ದುಡ್ಡು ಬಂದ ವರ್ಷ ಕ್ಲಬ್ಬಿಗೆ ಮಿಕ್ಕಿದ್ದೆಷ್ಟು?

ಹೊಸ ಖಜಾಂಚಿ: ನಮ್ಮ ಶಟಲ್ ಕ್ಲಬ್ಬಿಗೆ ಈ ವರ್ಷ ಚಂದಾ 1,12,000, ಪ್ರವೇಶ ಶುಲ್ಕ 18,000, ಆರು ಜನರ ಆಜೀವ ಸದಸ್ಯತ್ವದಿಂದ 60,000 ಬಂದಿದೆ. ತೀರಿಕೊಂಡ ಹಿರಿಯರೊಬ್ಬರ ಉಯಿಲಿನಿಂದ 2,00,000. ಖರ್ಚು 1,60,000. ಎಲ್ಲ ಆದಾಯಕ್ಕೆ ಹಾಕಿದರೆ 2,30,000 ಮಿಗುತ್ತದೆ. ಚಂದಾ ಇಳಿಸೋಣ ಅಂತ ಕಮಿಟಿ ಹೇಳುತ್ತಿದೆ. ಸರೀನಾ?

ಬಿ.ಕಾಂ. ವಿದ್ಯಾರ್ಥಿ: ಪ್ರವೇಶ ಶುಲ್ಕ, ಆಜೀವ ಶುಲ್ಕ, ಉಯಿಲು, ಈ ಮೂರೂ ಒಬ್ಬರಿಂದ ಒಂದೇ ಸಲ ಬರುವ ದುಡ್ಡು ಸರ್. ಮೂರನ್ನೂ ಬಂಡವಾಳ ನಿಧಿಗೆ ಸೇರಿಸಿ.

ಆಡಿಟ್ ಕಚೇರಿಯಿಂದ ನಿವೃತ್ತ: ಉಯಿಲಿನ ಮಾತು ಸರಿ ತಮ್ಮಾ, ಪ್ರವೇಶ ಶುಲ್ಕದ್ದು ಹಾಗಲ್ಲ. ಸದಸ್ಯ ಕೊಡುವುದು ಒಮ್ಮೆ, ಕ್ಲಬ್ಬಿಗೆ ಪ್ರತಿವರ್ಷ ಯಾರಾದರೂ ಸೇರುತ್ತಲೇ ಇರುತ್ತಾರೆ. ಬೈಲಾದಲ್ಲಿ ಬೇರೆ ಹೇಳದಿದ್ದರೆ ನಾನು ಆದಾಯಕ್ಕೇ ಹಾಕುತ್ತೇನೆ. ಆಜೀವ ಸದಸ್ಯರು ಇನ್ನು ಮುಂದೆ ಚಂದಾ ಕೊಡುವುದಿಲ್ಲ, ಆದರೆ ಕೋರ್ಟಿನ ಲೈಟು, ನೆಟ್ಟು ಬಳಸುತ್ತಲೇ ಇರುತ್ತಾರೆ. ಅವರ 60,000 ಪ್ರತ್ಯೇಕ ನಿಧಿಯಲ್ಲಿಟ್ಟು ವರ್ಷಕ್ಕೆ ಹತ್ತನೇ ಒಂದು ಪಾಲು, ಅಂದರೆ 6,000 ಆದಾಯಕ್ಕೆ ತನ್ನಿ. ಉಳಿದ 54,000 ಬ್ಯಾಲೆನ್ಸ್ ಶೀಟಿನಲ್ಲಿ ಜವಾಬ್ದಾರಿ ಕಡೆ ಇರಲಿ. ಆಗ ಆದಾಯ 1,36,000. ಮಿಗುವುದಿರಲಿ, 24,000 ಕೊರತೆ. ಚಂದಾ ಇಳಿಸುವ ಮಾತೆಲ್ಲಿ ಬಂತು?

ಕ್ರಿಕೆಟ್ ಕ್ಲಬ್ ಸದಸ್ಯ: ಪ್ರವೇಶ ಶುಲ್ಕ ಅಂದರೆ ಟೂರ್ನಮೆಂಟ್ ಗೇಟಿನ ಟಿಕೆಟ್ ದುಡ್ಡಾ? ನಾವು ಅದನ್ನು ಆ ಪಂದ್ಯದ ಖರ್ಚಿಗೇ ಮುಗಿಸುತ್ತೇವೆ.

ಖಜಾಂಚಿ: ಅಲ್ಲ ಸಾರ್, ಸದಸ್ಯರಾಗಿ ಸೇರುವಾಗ ಕೊಡುವುದು.

ಮಹಿಳಾ ಸಮಾಜದ ಕಾರ್ಯದರ್ಶಿ: ನಮ್ಮಲ್ಲಿ ಆಜೀವ ಶುಲ್ಕವನ್ನು ಮುಟ್ಟದೆ ಇಟ್ಟು, ಸದಸ್ಯೆ ತೀರಿಕೊಂಡ ಮೇಲೆ ಅವರ ಪಾಲನ್ನು ಬಂಡವಾಳ ನಿಧಿಗೆ ದಾಟಿಸುವ ಪದ್ಧತಿ ಇತ್ತು. ಕೇಳಲು ಚೆಂದ. ಆದರೆ ಯಾರು ತೀರಿಕೊಂಡರು, ಯಾರು ಮಗನ ಮನೆಗೆ ಹೋದರು ಅಂತ ತಿಳಿಸುವವರೇ ಇಲ್ಲ. ರಿಜಿಸ್ಟರಿನಲ್ಲಿ ಎಲ್ಲರೂ ಚಿರಂಜೀವಿಗಳು! ಆದರೂ ಹತ್ತೇ ವರ್ಷ ಯಾಕೆ ಅಣ್ಣಾ, ಇಪ್ಪತ್ತು ಯಾಕಲ್ಲ?

ನಿವೃತ್ತ: ಶಟಲ್ ಕ್ಲಬ್ಬಿನ ಆಜೀವ ಶುಲ್ಕ ತಲಾ ಹತ್ತು ಸಾವಿರ. ವರ್ಷದ ಚಂದಾ ಒಂದು ಸಾವಿರ ಇರಬಹುದೆಂದು ಲೆಕ್ಕ ಹಾಕಿದೆ. ಇಪ್ಪತ್ತೂ ತಪ್ಪಲ್ಲ. ಒಂದನ್ನು ಹಿಡಿದರೆ ವರ್ಷಕ್ಕೊಂದು ಥರ ಬದಲಾಯಿಸಬಾರದು ಅಷ್ಟೇ. ಅಂದಹಾಗೆ, ಉಯಿಲಿನಲ್ಲಿ ಏನಾದರೂ ಷರತ್ತು ಇದೆಯಾ?

ಖಜಾಂಚಿ: ಈಗ ಓದಿದೆ. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಹುಡುಗಿಯರ ಪಂದ್ಯಕ್ಕೆ ಬಹುಮಾನ ಕೊಡಬೇಕು ಅಂತಿದೆ. ಚಂದಾ ಒಂದು ಸಾವಿರವೇ.

ನಿವೃತ್ತ: ಹಾಗಾದರೆ ಬಂಡವಾಳ ನಿಧಿಗೂ ಬೇಡ, ಬಹುಮಾನ ನಿಧಿ ಅಂತಲೇ ತೆರೆಯಿರಿ. ಎಫ್‌ಡಿಗೆ 14,000 ಬಡ್ಡಿ ಬಂತು, ಬಹುಮಾನಕ್ಕೆ 9,000 ಹೋಯಿತು ಅನ್ನಿ. ಎರಡೂ ಆ ನಿಧಿಯಲ್ಲೇ ಬರಬೇಕು, ಮಿಕ್ಕ 5,000 ಅಲ್ಲೇ ಕೂಡಲಿ. ಬಹುಮಾನ ಖರ್ಚಿಗೆ ನಿಧಿ ಸಾಲದಿದ್ದರೆ ಮಾತ್ರ ಆ ಕೊರತೆ ಕ್ಲಬ್ಬಿನ ಖರ್ಚಾಗುತ್ತದೆ.

ಖಜಾಂಚಿ: ಇನ್ನೊಂದು ತಲೆನೋವು. ಪ್ರವೇಶ ಶುಲ್ಕ ಕಟ್ಟಡಕ್ಕೆ ಅಂತ ಹಳೇ ಬೈಲಾದಲ್ಲಿ ಒಂದು ಸಾಲು ಇದೆ. ಯಾರೂ ಪಾಲಿಸಿಲ್ಲ. ಅದೂ ಹೋದರೆ ಕೊರತೆ 42,000.

ನಿವೃತ್ತ: ಆ ಪುಟ ಕಮಿಟಿ ಮುಂದಿಡಿ. ಸರ್ವಸದಸ್ಯರ ಸಭೆ ತಿದ್ದುವ ತನಕ ಆ ಸಾಲು ಸಾಲೇ.

ವಿದ್ಯಾರ್ಥಿ: ಅಂದರೆ ನಾನು ಹೇಳಿದ್ದು ಪೂರ್ತಿ ತಪ್ಪಲ್ಲ, ಅಲ್ವಾ ಸರ್?