ಟೊಲುವಿನ್ ಟ್ಯಾಂಕಿನ ಲೆವೆಲ್ 79ಕ್ಕೇ ನಿಲ್ಲುತ್ತಿದೆ, ಬ್ಯಾರಿಯರ್ ಬೈಪಾಸ್ ಮಾಡಬಹುದಾ?

ಪ್ರಶ್ನೆ: ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ನಂಜನಗೂಡು

ಬಲ್ಕ್ ಡ್ರಗ್ ಘಟಕದ ಸಾಲ್ವೆಂಟ್ ಯಾರ್ಡ್. ಟೊಲುವಿನ್ ಟ್ಯಾಂಕಿನ ಮೇಲೆ ಎರಡು ವೈರಿನ ರೇಡಾರ್ ಲೆವೆಲ್ ಟ್ರಾನ್ಸ್‌ಮಿಟರ್ ಇದೆ. ಮ್ಯಾನ್ಯುಯಲ್ ಪ್ರಕಾರ ಅದಕ್ಕೆ ಕನಿಷ್ಠ 13 ವೋಲ್ಟ್ ಬೇಕು. ಝೀನರ್ ಬ್ಯಾರಿಯರ್ ಎರಡು ಚಾನೆಲ್‌ನದು: ಒಂದು 28 ವೋಲ್ಟ್ 300 ಓಮ್, ಇನ್ನೊಂದು ಡಯೋಡ್ ರಿಟರ್ನ್. ಕೇಬಲ್ 180 ಮೀಟರ್, 1.5 ಚದರ ಮಿ.ಮೀ. ಪಿಎಲ್‌ಸಿ ಕಾರ್ಡ್ 250 ಓಮ್, ಸಪ್ಲೈ 24 ವೋಲ್ಟ್. ಟ್ಯಾಂಕರ್ ಇಳಿಸುವಾಗ ಪಿಎಲ್‌ಸಿಯಲ್ಲಿ ಲೆವೆಲ್ ಶೇ 79ರವರೆಗೆ ಸರಿಯಾಗಿ ಏರುತ್ತದೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ಡಿಪ್ ಹಾಕಿದರೆ 86. ಟ್ರಾನ್ಸ್‌ಮಿಟರ್ ಡಿಸ್‌ಪ್ಲೇಯಲ್ಲೂ 86. ಬ್ಯಾರಿಯರ್ ಬೈಪಾಸ್ ಮಾಡಿದರೆ ಸರಿಹೋಗುತ್ತದೆ, ಹೇಗೂ ಟ್ಯಾಂಕಿನ ಹೊರಗೆ ಝೋನ್ 2 ತಾನೇ ಅನ್ನುತ್ತಾರೆ ಸೀನಿಯರ್. ಮಾಡಬಹುದಾ?

ಉತ್ತರ: ಎಕ್ಸ್ ಇನ್‌ಸ್ಟಾಲೇಶನ್ ತಪಾಸಣೆ ಮಾಡುವವರು, ಬೆಂಗಳೂರು

ಬೈಪಾಸ್ ಬೇಡ. ಬ್ಯಾರಿಯರ್ ಕೆಟ್ಟಿಲ್ಲ, ಲೂಪಿಗೆ ವೋಲ್ಟೇಜ್ ಸಾಲುತ್ತಿಲ್ಲ. ನೀವು ಕೊಟ್ಟಿರುವ ಅಂಕಿಗಳಲ್ಲೇ ಉತ್ತರ ಇದೆ.

ಬ್ಯಾರಿಯರ್‌ನ 300 ಓಮ್‌ಗೆ ಒಳಗಿನ ಫ್ಯೂಸ್ ಸೇರಿದರೆ ತುದಿಯಿಂದ ತುದಿಗೆ ಸುಮಾರು 333 ಓಮ್. ರಿಟರ್ನ್ ಡಯೋಡ್ ಸುಮಾರು 1.2 ವೋಲ್ಟ್ ತಿನ್ನುತ್ತದೆ. ಕೇಬಲ್ ಹೋಗಿ ಬರುವುದಕ್ಕೆ 4.4 ಓಮ್, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ.

```
24 - 1.2 - 13 = 9.8 V
9.8 / (333 + 250 + 4.4) = 16.7 mA
(16.7 - 4) / 16 = 79 %
```

ನಿಮ್ಮ 79 ಬಂದದ್ದು ಇಲ್ಲಿಂದ. ಇದಕ್ಕಿಂತ ಹೆಚ್ಚು ಕರೆಂಟ್ ಎಳೆಯಲು ಹೋದರೆ ಟ್ರಾನ್ಸ್‌ಮಿಟರ್‌ನ ಟರ್ಮಿನಲ್‌ನಲ್ಲಿ 13 ವೋಲ್ಟ್ ಉಳಿಯುವುದಿಲ್ಲ. ಕೆಲವು ಮಾಡೆಲ್‌ಗಳು ಈ ಹಂತದಲ್ಲಿ ಆಫ್ ಆಗಿ ಮತ್ತೆ ಆನ್ ಆಗುತ್ತವೆ, ಆಗ ರೀಡಿಂಗ್ ಕುಣಿಯುವುದರಿಂದ ಯಾರಾದರೂ ಗಮನಿಸುತ್ತಾರೆ. ನಿಮ್ಮದು ಸುಮ್ಮನೆ ನಿಲ್ಲುತ್ತದೆ, ಅದಕ್ಕೇ ಹೆಚ್ಚು ಅಪಾಯ. ಹೈ ಅಲಾರ್ಮ್ 85ಕ್ಕೋ 90ಕ್ಕೋ ಇಟ್ಟಿದ್ದರೆ ಅದು ಯಾವತ್ತೂ ಹೊಡೆಯುವುದಿಲ್ಲ. ಇದು ಸರಿಯಾಗುವವರೆಗೆ ಟ್ಯಾಂಕರ್ ಇಳಿಸುವಾಗ ಪಿಎಲ್‌ಸಿ ಲೆವೆಲ್ ನಂಬಬೇಡಿ, ಆಪರೇಟರ್‌ಗೂ ಬರೆದು ತಿಳಿಸಿ.

ಖಚಿತ ಮಾಡಿಕೊಳ್ಳಲು ಟ್ಯಾಂಕ್ ಹತ್ತಬೇಕಿಲ್ಲ. ಸೇಫ್ ಸೈಡಿನಲ್ಲಿ, ಪಿಎಲ್‌ಸಿ ಕಾರ್ಡಿನ 250 ಓಮ್ ಮೇಲೆ ಮೀಟರ್ ಇಡಿ. ಕಮ್ಯುನಿಕೇಟರ್‌ನಿಂದ ಲೂಪ್ ಟೆಸ್ಟ್ ಹಾಕಿ 4, 12, 16, 20 ಮಿಲಿಆಂಪ್ ಫೋರ್ಸ್ ಮಾಡಿ. 16ಕ್ಕೆ 4.0 ವೋಲ್ಟ್ ಸರಿಯಾಗಿ ಬರುತ್ತದೆ. 20ಕ್ಕೆ 5.0 ಬರಬೇಕಾದಲ್ಲಿ 4.17ರ ಹತ್ತಿರ ನಿಂತರೆ ಲೆಕ್ಕ ಸರಿ ಎಂದರ್ಥ. ಒಂದು ಎಚ್ಚರಿಕೆ: ಸಾಮಾನ್ಯ ಮಲ್ಟಿಮೀಟರನ್ನು ಬ್ಯಾರಿಯರ್‌ನ ನೀಲಿ ಟರ್ಮಿನಲ್ ಕಡೆಗೆ ತಾಗಿಸಬೇಡಿ. ಪ್ಯಾನೆಲ್ ಸೇಫ್ ಏರಿಯಾದಲ್ಲೇ ಇದ್ದರೂ ಆ ವೈರಿನ ಇನ್ನೊಂದು ತುದಿ ಟ್ಯಾಂಕಿನ ಮೇಲಿದೆ.

ಇನ್ನು ಝೋನ್ 2 ಅನ್ನುವ ಮಾತು. ಹೊತ್ತಿಕೊಳ್ಳುವ ಆವಿ ಸದಾ ಇರುವ ಜಾಗ ಝೋನ್ 0, ಆಗಾಗ ಬರುವ ಜಾಗ ಝೋನ್ 1, ಅಪರೂಪಕ್ಕೆ ಬರುವ ಜಾಗ ಝೋನ್ 2. ಟ್ರಾನ್ಸ್‌ಮಿಟರ್‌ನ ಡಬ್ಬಿ ಹೊರಗಿರಬಹುದು, ಆಂಟೆನಾ ಇರುವುದು ಆವಿಯ ಒಳಗೆ. ಅದು ಝೋನ್ 0. ಟೊಲುವಿನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ, ಗಾಳಿಯಲ್ಲಿ ಶೇ 1.1–1.2ರಷ್ಟು ಆವಿ ಸೇರಿದರೆ ಹೊತ್ತಿಕೊಳ್ಳುವಷ್ಟಾಯಿತು. ನಮ್ಮ ಹವೆಯಲ್ಲಿ ಟ್ಯಾಂಕಿನೊಳಗೆ ಸದಾ ಸಾಕಷ್ಟು ಆವಿ ಇರುತ್ತದೆ. ವೆಂಟ್ ಬಾಯಿಂದ 1.5 ಮೀಟರ್‌ವರೆಗೆ ಝೋನ್ 1, ಅಲ್ಲಿಂದ 3 ಮೀಟರ್‌ವರೆಗೆ ಝೋನ್ 2. ಟ್ಯಾಂಕಿನ ತಲೆಯ ಮೇಲೆ ನಿಮ್ಮ ರೇಡಾರ್ ನಾಜಲ್ ವೆಂಟಿನಿಂದ ಎಷ್ಟು ದೂರ ಇದೆ, ಟೇಪ್ ಹಿಡಿದು ನೋಡಿ. ಬೈಪಾಸ್ ಮಾಡಿದರೆ ಎಸ್‌ಎಂಪಿಎಸ್‌ನ ಪೂರ್ತಿ ಕರೆಂಟ್ ಅಲ್ಲಿಗೆ ಹೋಗುವ ದಾರಿ ತೆರೆಯುತ್ತದೆ. ಕಂಟ್ರೋಲ್ ರೂಮಿನಲ್ಲಿ ಯಾವುದೋ ವೈರ್ ತಪ್ಪಿ 230 ವೋಲ್ಟ್ ಬಂದರೆ ಅದನ್ನೂ ತಡೆಯುವವರು ಇರುವುದಿಲ್ಲ.

ಎಲೆಕ್ಟ್ರಿಕಲ್ ಮೇಂಟೆನೆನ್ಸ್, ಬೈಕಂಪಾಡಿ

ವೋಲ್ಟೇಜ್ ಕಮ್ಮಿ ಅಂದರೆ ಎಸ್‌ಎಂಪಿಎಸ್ ಟ್ರಿಮ್ ತಿರುಗಿಸಿ 27ಕ್ಕೆ ಇಟ್ಟರೆ ಮುಗಿಯಿತಲ್ಲ? ಬ್ಯಾರಿಯರ್ ಮೇಲೆ 28 ಅಂತ ಬರೆದೇ ಇದೆ.

ತಪಾಸಣೆ ಮಾಡುವವರು, ಬೆಂಗಳೂರು

ರೋಗ ಸರಿಯಾಗಿ ಹಿಡಿದಿದ್ದೀರಿ ಸರ್, ಮದ್ದು ಮಾತ್ರ ಆಗದು. ಆ 28 ಫಾಲ್ಟ್ ಆದಾಗ ಟ್ಯಾಂಕಿನ ಕಡೆ ಹೋಗಬಹುದಾದ ಗರಿಷ್ಠ. ದಿನನಿತ್ಯ ಕೊಡಬಹುದಾದ ವೋಲ್ಟೇಜ್ ಅದಲ್ಲ. ಡೇಟಾಶೀಟಿನಲ್ಲಿ ವರ್ಕಿಂಗ್ ವೋಲ್ಟೇಜ್ ಬೇರೆಯೇ ಇರುತ್ತದೆ, ಈ ಜಾತಿಯ ಬ್ಯಾರಿಯರ್‌ಗೆ ಸಾಮಾನ್ಯವಾಗಿ 26ರ ಆಸುಪಾಸು. ಅದನ್ನು ದಾಟಿದರೆ ಝೀನರ್ ಅರ್ತ್‌ಗೆ ಸೋರಲು ಶುರುಮಾಡುತ್ತದೆ. ಮೊದಲು ರೀಡಿಂಗ್ ಸ್ವಲ್ಪ ಸುಳ್ಳು ಹೇಳುತ್ತದೆ, ಇನ್ನೂ ಏರಿಸಿದರೆ ಒಳಗಿನ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋದರೆ ಬ್ಯಾರಿಯರ್ ಬಿಚ್ಚಿ ಹಾಕುವಂತಿಲ್ಲ, ಹೊಸದೇ ತರಬೇಕು.

25.5 ಇಟ್ಟರೂ 19.2 ಮಿಲಿಆಂಪ್‌ಗೆ ನಿಲ್ಲುತ್ತದೆ. 20 ಮುಟ್ಟಲು 26 ಬೇಕು, ಫಾಲ್ಟ್ ಸಿಗ್ನಲ್‌ಗೆ 21.5 ಮಿಲಿಆಂಪ್ ಬೇಕೆಂದರೆ ಸುಮಾರು 27. ಅಷ್ಟು ಹೊತ್ತಿಗೆ ಝೀನರ್ ಸೋರುತ್ತಿರುತ್ತದೆ.

ಇದಕ್ಕೆ ನೇರ ಪರಿಹಾರ ಝೀನರ್ ಬದಲು ಗ್ಯಾಲ್ವನಿಕ್ ಐಸೊಲೇಟರ್, ಟ್ರಾನ್ಸ್‌ಮಿಟರ್‌ಗೆ ಸಪ್ಲೈ ಕೊಡುವ ರಿಪೀಟರ್ ಮಾದರಿ. ಅದು 20 ಮಿಲಿಆಂಪ್‌ನಲ್ಲಿ ಫೀಲ್ಡ್ ಕಡೆಗೆ 16 ವೋಲ್ಟ್ ಆಸುಪಾಸು ಕೊಡುತ್ತದೆ. ಪಿಎಲ್‌ಸಿಯ 250 ಓಮ್ ಇನ್ನೊಂದು ಬದಿಯ ಸರ್ಕ್ಯೂಟಿಗೆ ಸೇರಿಹೋಗುವುದರಿಂದ ಟ್ರಾನ್ಸ್‌ಮಿಟರ್‌ನ ಪಾಲಿನಿಂದ ಏನೂ ಕಡಿಮೆಯಾಗುವುದಿಲ್ಲ. ಕೇಬಲ್ ತಿನ್ನುವುದು 0.1 ವೋಲ್ಟಿಗಿಂತ ಕಮ್ಮಿ. ಐಎಸ್ ಅರ್ತ್‌ನ 1 ಓಮ್ ತಲೆನೋವೂ ಈ ಲೂಪಿನ ಮಟ್ಟಿಗೆ ಹೋಗುತ್ತದೆ.

ಬದಲಿಸುವಾಗ ಎಡವುವುದು ವೈರಿಂಗ್‌ನಲ್ಲಿ. ಈಗ ಲೂಪಿಗೆ 24 ವೋಲ್ಟ್ ಪಿಎಲ್‌ಸಿ ಕಡೆಯಿಂದ ಬರುತ್ತಿದೆ. ಐಸೊಲೇಟರ್ ತಾನೇ ಕರೆಂಟ್ ಹೊರಹಾಕುತ್ತದೆ, ಆದ್ದರಿಂದ ಆ 24 ವೋಲ್ಟನ್ನು ಲೂಪಿನಿಂದ ತೆಗೆದು ಐಸೊಲೇಟರ್‌ನ ಸಪ್ಲೈ ಟರ್ಮಿನಲ್‌ಗೆ ಕೊಡಿ, ಔಟ್‌ಪುಟ್ ಮಾತ್ರ ಕಾರ್ಡಿಗೆ. ಎರಡೂ ಕಡೆಯಿಂದ ಪವರ್ ಬಿಟ್ಟರೆ ರೀಡಿಂಗ್ ಮೇಲೆ ಅಂಟಿಕೊಳ್ಳುವುದೋ ಕಾರ್ಡ್ ಚಾನೆಲ್ ಸುಡುವುದೋ ಏನಾದರೂ ಒಂದು ಆಗುತ್ತದೆ. ಕಮ್ಯುನಿಕೇಟರ್ ಕೆಲಸ ಮಾಡಬೇಕೆಂದರೆ ಹಾರ್ಟ್ ಸಿಗ್ನಲ್ ದಾಟಿಸುವ ಮಾಡೆಲ್ ಕೇಳಿ ತರಿಸಿ.

ಆರ್ಡರ್ ಹಾಕುವ ಮುಂಚೆ ಐಸೊಲೇಟರ್, ಟ್ರಾನ್ಸ್‌ಮಿಟರ್ ಎರಡರ ನೇಮ್‌ಪ್ಲೇಟ್ ಎದುರುಬದುರು ಇಟ್ಟು ನೋಡಿ, o ಇರುವುದು ಐಸೊಲೇಟರ್‌ನದು, i ಇರುವುದು ಟ್ರಾನ್ಸ್‌ಮಿಟರ್‌ನದು:

```
Uo ≤ Ui    Io ≤ Ii    Po ≤ Pi
Co ≥ Ci + Ccable
Lo ≥ Li + Lcable
```

ಕೇಬಲ್‌ನ ಡೇಟಾ ಸಿಗದಿದ್ದರೆ ಮೀಟರಿಗೆ 200 ಪಿಕೊಫ್ಯಾರಡ್, 1 ಮೈಕ್ರೊಹೆನ್ರಿ ಹಿಡಿಯಿರಿ. ನಿಮ್ಮ 180 ಮೀಟರಿಗೆ 36 ನ್ಯಾನೊಫ್ಯಾರಡ್ ಆಯಿತು. ಟ್ರಾನ್ಸ್‌ಮಿಟರ್ 5 ಎಂದುಕೊಂಡರೆ ಒಟ್ಟು 41. 28 ವೋಲ್ಟ್ ಐಸೊಲೇಟರ್‌ಗೆ ಅತಿ ಕಟ್ಟುನಿಟ್ಟಿನ ಹೈಡ್ರೋಜನ್ ಗುಂಪಿನಲ್ಲೇ 83 ಬಿಟ್ಟಿರುತ್ತಾರೆ, ಟೊಲುವಿನ್ ಅದಕ್ಕಿಂತ ಸಡಿಲವಾದ ಐಐಎ ಗುಂಪಿನದು. ಯಾರ್ಡಿಗೆ ನಾಳೆ ಯಾವ ಸಾಲ್ವೆಂಟ್ ಬರುತ್ತದೋ ಹೇಳಲಾಗದು, ಅದಕ್ಕೇ ನಾನು ಕಟ್ಟುನಿಟ್ಟಿನ ಅಂಕಿಗೇ ಲೆಕ್ಕ ಮಾಡಿಡುತ್ತೇನೆ.

ಪ್ಲಾಂಟ್ ಸೂಪರ್‌ವೈಸರ್, ಬೀದರ್

ಇಷ್ಟೆಲ್ಲ ಯಾಕೆ? ಫ್ಲೇಮ್‌ಪ್ರೂಫ್ ಟ್ರಾನ್ಸ್‌ಮಿಟರ್ ಹಾಕಿದರೆ ಬ್ಯಾರಿಯರ್ ಬೇಡವೇ ಬೇಡ. ನಮ್ಮಲ್ಲಿ ಪಂಪ್ ಮೋಟರ್, ಲೈಟ್ ಎಲ್ಲ ಫ್ಲೇಮ್‌ಪ್ರೂಫೇ.

ತಪಾಸಣೆ ಮಾಡುವವರು, ಬೆಂಗಳೂರು

ಪಂಪ್, ಲೈಟ್ ಇರುವುದು ಟ್ಯಾಂಕಿನ ಹೊರಗೆ, ಅಲ್ಲಿಗೆ ಅದು ಸರಿ. ಆಂಟೆನಾ ಝೋನ್ 0ರಲ್ಲಿದೆ, ಅಲ್ಲಿಗೆ ಸಾಮಾನ್ಯ ಫ್ಲೇಮ್‌ಪ್ರೂಫ್ ಸಾಲದು. ಡಬ್ಬಿ ಫ್ಲೇಮ್‌ಪ್ರೂಫ್, ನಡುವೆ ತಡೆಗೋಡೆ, ಆಂಟೆನಾ ಭಾಗ ಮಾತ್ರ ಐಎ, ಅಂದರೆ ಝೋನ್ 0ಗೂ ಸಲ್ಲುವಷ್ಟು ಕಡಿಮೆ ಶಕ್ತಿಯದು, ಇರುವ ರೇಡಾರ್‌ಗಳು ಸಿಗುತ್ತವೆ, ಸರ್ಟಿಫಿಕೇಟಿನಲ್ಲಿ ಝೋನ್ 0ರ ಜಿಎ ಮತ್ತು ಝೋನ್ 1ರ ಜಿಬಿ ಎರಡೂ ಇರುತ್ತದೆ. ಹೊಸ ಟ್ಯಾಂಕ್ ಆದರೆ ಅದೂ ಒಂದು ದಾರಿ. ಇವರ ಹತ್ತಿರ ಇರುವುದು ಐಎ ಟ್ರಾನ್ಸ್‌ಮಿಟರ್. ಅದನ್ನು ಬ್ಯಾರಿಯರ್ ಇಲ್ಲದೆ ಓಡಿಸಿದ್ದರೆ ಅದರ ಸರ್ಟಿಫಿಕೇಟಿಗೆ ಆಮೇಲೆ ಬೆಲೆ ಇಲ್ಲ, ಒಳಗಿನ ಭಾಗ ಏನಾಗಿದೆಯೋ ಗೊತ್ತಾಗುವುದಿಲ್ಲ.

ಪ್ಲಾಂಟ್ ಸೂಪರ್‌ವೈಸರ್, ಬೀದರ್

ಹಾಗಾದರೆ ನಮ್ಮ ಮೆಥನಾಲ್ ಟ್ಯಾಂಕಿನ ಹೈ ಲೆವೆಲ್ ಫ್ಲೋಟ್? ಒಳಗೆ ಬರೀ ರೀಡ್ ಸ್ವಿಚ್, ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ನೇರ 24 ವೋಲ್ಟ್ ರಿಲೇಗೆ ಹೋಗಿದೆ. ಸಿಂಪಲ್ ಅಪರೇಟಸ್‌ಗೆ ಸರ್ಟಿಫಿಕೇಟ್ ಬೇಡ ಅಂತಾರಲ್ಲ.

ತಪಾಸಣೆ ಮಾಡುವವರು, ಬೆಂಗಳೂರು

ಸ್ವಿಚ್‌ಗೆ ಸರ್ಟಿಫಿಕೇಟ್ ಬೇಡದಿರಬಹುದು, ಬ್ಯಾರಿಯರ್ ಬೇಕೇ ಬೇಕು. ಕಾಂಟ್ಯಾಕ್ಟ್ ತೆರೆಯುವಾಗ ಕಿಡಿ ಹಾರುವುದು ಟ್ಯಾಂಕಿನೊಳಗೆ, ಆ ಕಿಡಿಗೆ ಬಲ ಕೊಡುವುದು ರಿಲೇ ಕಾಯಿಲ್. ಸ್ವಿಚ್ ಐಸೊಲೇಟರ್ ಹಾಕಿ ರಿಲೇಯನ್ನು ಅದರ ಔಟ್‌ಪುಟ್ ಕಡೆಗೆ ತಳ್ಳಿ. ಜೊತೆಗೆ, ಟ್ಯಾಂಕ್ ಸರಿಯಿರುವಾಗ ಕಾಂಟ್ಯಾಕ್ಟ್ ಮುಚ್ಚಿರುವಂತೆ ನೋಡಿಕೊಳ್ಳಿ, ವೈರ್ ಕಡಿದರೂ ಅಲಾರ್ಮ್ ಬರುತ್ತದೆ.

ಎಲೆಕ್ಟ್ರಿಕಲ್ ಮೇಂಟೆನೆನ್ಸ್, ಬೈಕಂಪಾಡಿ

ಸರ್ಟಿಫಿಕೇಟ್ ಬೇಡ ಅನ್ನುವುದು ಪುಸ್ತಕದಲ್ಲಿ. ಝೋನ್ 0ರಲ್ಲಿ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊದ ಅನುಮೋದನೆ ಇಲ್ಲದ ವಸ್ತು ಕಂಡರೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳಿಯೇ ಕೇಳುತ್ತಾರೆ. ನಾವು ಐಎ ಸರ್ಟಿಫೈಡ್ ಫ್ಲೋಟನ್ನೇ ತರುತ್ತೇವೆ.

ತಪಾಸಣೆ ಮಾಡುವವರು, ಬೆಂಗಳೂರು

ಕೇಳುತ್ತಾರೆ, ನಿಜ. ತಯಾರಕರ ಸಿಂಪಲ್ ಅಪರೇಟಸ್ ಘೋಷಣೆ ಮತ್ತು ಲೂಪ್ ಲೆಕ್ಕ ಫೈಲಿನಲ್ಲಿ ಇದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ.

ಪ್ರಶ್ನೆ ಕೇಳಿದವರು, ನಂಜನಗೂಡು

ಸರ್, 250 ಓಮ್ ಮೇಲೆ ನೋಡಿದೆ. 16ಕ್ಕೆ 4.0 ಬಂತು, 20 ಫೋರ್ಸ್ ಮಾಡಿದರೆ 4.18ಕ್ಕೆ ನಿಂತಿತು. ಐಸೊಲೇಟರ್ ತರಿಸುತ್ತೇವೆ. ಇನ್ನೊಂದು ಸಂಶಯ: ಈಗ ಬ್ಯಾರಿಯರ್ ಇರುವುದು ಕಂಟ್ರೋಲ್ ರೂಮಿನಲ್ಲಲ್ಲ. ಡೈಕ್ ಗೋಡೆಯ ಹೊರಮೈಗೆ ಒಂದು ಸಾಧಾರಣ ಎಂಎಸ್ ಪ್ಯಾನೆಲ್ ಇದೆ, ಅದರೊಳಗೆ. ಟ್ಯಾಂಕ್ ಶೆಲ್‌ನಿಂದ ಎರಡೂವರೆ ಮೀಟರ್. ಐಸೊಲೇಟರ್ ಅಲ್ಲೇ ಕೂರಿಸಬಹುದಾ?

ತಪಾಸಣೆ ಮಾಡುವವರು, ಬೆಂಗಳೂರು

ಬೇಡ. ಶೆಲ್‌ನಿಂದ 3 ಮೀಟರ್‌ವರೆಗೆ ಝೋನ್ 2 ಹಿಡಿಯುತ್ತೇವೆ, ಪ್ಯಾನೆಲ್ ಅದರೊಳಗೆ ಬಿತ್ತು. ಬ್ಯಾರಿಯರ್, ಐಸೊಲೇಟರ್ ಎರಡೂ ಸೇಫ್ ಏರಿಯಾದ ಉಪಕರಣ. ಟ್ಯಾಂಕಿನ ಕಡೆ ಹೋಗುವ ಎರಡು ವೈರ್ ಮಾತ್ರ ಸುರಕ್ಷಿತ, ಸಪ್ಲೈ ಬದಿ ಅಲ್ಲ. ಝೋನ್ 2ಕ್ಕೂ ಸರ್ಟಿಫಿಕೇಟ್ ಇರುವ ಐಸೊಲೇಟರ್‌ಗಳು ಇವೆ, ಆದರೆ ಅದಕ್ಕೆ ತಕ್ಕ ಡಬ್ಬಿಯೂ ಬೇಕು, ಸಾಧಾರಣ ಎಂಎಸ್ ಪ್ಯಾನೆಲ್ ಆಗದು. ಕಂಟ್ರೋಲ್ ರೂಮಿಗೆ ಸ್ಥಳಾಂತರಿಸುವುದೇ ಸುಲಭ. ಕೇಬಲ್ ಉದ್ದ ಬದಲಾಗುತ್ತದೆ, 36 ನ್ಯಾನೊಫ್ಯಾರಡ್ ಲೆಕ್ಕ ಮತ್ತೆ ಹಾಕಿ. ಅಲ್ಲಿಂದ ಟ್ಯಾಂಕಿನವರೆಗೂ ನೀಲಿ ಕವಚದ ಕೇಬಲ್, ಪ್ಯಾನೆಲ್‌ನೊಳಗೆ ನೀಲಿ ಟರ್ಮಿನಲ್‌ಗೂ ಬೇರೆ ಟರ್ಮಿನಲ್‌ಗೂ ನಡುವೆ 50 ಮಿ.ಮೀ. ಅಂತರ.

ಆ ಪ್ಯಾನೆಲ್‌ನಿಂದ ಕಂಟ್ರೋಲ್ ರೂಮಿಗೆ ಕೇಬಲ್ ಟ್ರೆಂಚ್ ಇದೆಯಾ? ಇದ್ದರೆ ಅದನ್ನೂ ನೋಡಿ. ಟೊಲುವಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಚೆಲ್ಲಿದರೆ ತಗ್ಗಿಗೇ ಹೋಗುತ್ತದೆ. ಯಾರ್ಡಿನ ಝೋನ್ 2ರಲ್ಲಿ ನೆಲದ ಕೆಳಗಿರುವ ಟ್ರೆಂಚನ್ನು ಝೋನ್ 1 ಎಂದೇ ಗುರುತಿಸುತ್ತೇವೆ, ಮತ್ತು ಅದರ ಇನ್ನೊಂದು ತುದಿ ನಿಮ್ಮ ಕಂಟ್ರೋಲ್ ರೂಮಿನ ಫ್ಲೋರ್ ಕೆಳಗೆ ತೆರೆದಿರುತ್ತದೆ. ಮರಳು ತುಂಬಿ, ಗೋಡೆ ದಾಟುವ ಜಾಗದಲ್ಲಿ ಸೀಲ್ ಮಾಡಿ. ನಿಮ್ಮ ಅನುಮೋದಿತ ಏರಿಯಾ ಕ್ಲಾಸಿಫಿಕೇಶನ್ ಡ್ರಾಯಿಂಗ್‌ನಲ್ಲಿ ಈ ಟ್ರೆಂಚ್ ಇದೆಯಾ?

ಪ್ರಶ್ನೆ ಕೇಳಿದವರು, ನಂಜನಗೂಡು

ಡ್ರಾಯಿಂಗ್‌ನಲ್ಲಿ ಪ್ಯಾನೆಲ್ಲೂ ಇಲ್ಲ, ಟ್ರೆಂಚೂ ಇಲ್ಲ ಸರ್. ಎರಡೂ ಆಮೇಲೆ ಮಾಡಿಸಿದ್ದಂತೆ. ಸೇಫ್ಟಿಯವರಿಗೆ ಬರೆದು ಕಳಿಸಿದ್ದೇನೆ. ಅಲ್ಲಿಯವರೆಗೆ ಟ್ಯಾಂಕರ್ ಇಳಿಸುವುದನ್ನು ಡಿಪ್ ನೋಡಿ 75ಕ್ಕೇ ನಿಲ್ಲಿಸುತ್ತಿದ್ದೇವೆ.