ಖಾಲಿ ಹೊಟ್ಟೆಯಲ್ಲಿ ಜಿಮ್, ಆಮೇಲಿನ ಚಾ-ತಿಂಡಿ: ಡಯಟೀಶಿಯನ್ ಜೊತೆ ಪ್ರಶ್ನೋತ್ತರ

ಕಾಪು ಹುಡುಗ: ಮೇಡಂ, ಬೆಳಿಗ್ಗೆ 6ಕ್ಕೆ ಜಿಮ್, ಮುಕ್ಕಾಲು ಗಂಟೆ ವೇಟ್ಸ್. ತಿನ್ನದೆ ಹೋದ್ರೆ ಮಸಲ್ ಕರಗ್ತದಾ? ತೂಕ 65 ಕೆಜಿ. ವಾಪಸ್ ಬಂದು ಎಂತ ತಿನ್ನಬೇಕು?

ಡಯಟೀಶಿಯನ್: ಕರಗುವುದಿಲ್ಲ. ರಾತ್ರಿಯಿಡೀ ಖಾಲಿಯಾಗುವುದು ಲಿವರಿನ ಸಕ್ಕರೆ ದಾಸ್ತಾನು. ಕಾಲು, ತೋಳಿನ ಸ್ನಾಯುಗಳಲ್ಲಿ ಇರುವುದು ಹೆಚ್ಚು ಕಡಿಮೆ ಹಾಗೇ ಉಳಿದಿರ್ತದೆ. ರಾತ್ರಿ ಸರಿಯಾಗಿ ಊಟ ಮಾಡಿದ್ದರೆ ಮುಕ್ಕಾಲು ಗಂಟೆಗೆ ಅದು ಸಾಕು. ತಲೆ ಹಗುರ ಆಗುವವರು ಒಂದು ಬಾಳೆಹಣ್ಣು ತಿಂದು ಹೋಗಿ, ಅಷ್ಟೇ.

ತೊಂದರೆ ಆಮೇಲೆ ಶುರು. ನಿಮಗೆ ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಬೇಕು. ಬೆಳಗ್ಗಿನ ತಿಂಡಿ ಬಿಟ್ಟರೆ ಉಳಿದ ಎರಡು ಊಟದಲ್ಲಿ 50-50 ಬರಬೇಕು. ಕುಚ್ಚಲಕ್ಕಿ ಅನ್ನ, ಸಾರು, ಪಲ್ಯದ ತಟ್ಟೆಯಲ್ಲಿ ಅದು ಬರುವುದಿಲ್ಲ. ತಿಂಡಿ ತಿನ್ನುವವರೂ ಇಲ್ಲೇ ಸೋಲುವುದು: ನಾಲ್ಕು ನೀರುದೋಸೆ, ಕಾಯಿಚಟ್ನಿಯಲ್ಲಿ ಇರುವುದು ಹೆಚ್ಚೆಂದರೆ 6 ಗ್ರಾಂ. ಅದೇ ದೋಸೆಗೆ ಮೂರು ಮೊಟ್ಟೆ, ಒಂದು ಗ್ಲಾಸ್ ಹಾಲು ಸೇರಿಸಿದ್ರೆ 30 ಆಯ್ತು. ಮೊಟ್ಟೆ ತಿನ್ನದವರು 50 ಗ್ರಾಂ ಹೆಸರುಕಾಳು ಹಿಂದಿನ ರಾತ್ರಿ ನೆನೆಹಾಕಿ ಉಸ್ಲಿ ಮಾಡಿ, ಅದರಲ್ಲಿ 12. ಗಡಿಯಾರ ನೋಡಿ ಓಡಿ ಬಂದು ತಿನ್ನಬೇಕಾಗಿಲ್ಲ, ಒಂದೆರಡು ಗಂಟೆಯೊಳಗೆ ಆದರೆ ಸಾಕು. ಮಧ್ಯಾಹ್ನದವರೆಗೆ ಎಳೆಯಬೇಡಿ.

ಬಿಜೈ ಕೋಚ್: ಮೇಡಂ ಹೇಳಿದ್ದು ಸರಿ, ಆದ್ರೆ ಕೊಬ್ಬು ಇಳಿಸುವವರಿಗೆ ಖಾಲಿ ಹೊಟ್ಟೆಯೇ ಬೆಸ್ಟ್. ನಾನು ಎಲ್ಲರಿಗೂ ಹಾಗೇ ಮಾಡಿಸುವುದು. ಹೊಟ್ಟೆಯಲ್ಲಿ ಎಂತದ್ದೂ ಇಲ್ಲದಿದ್ರೆ ದೇಹ ಕೊಬ್ಬನ್ನೇ ಸುಡ್ತದೆ.

ಡಯಟೀಶಿಯನ್: ಆ ಒಂದು ಗಂಟೆಯ ಮಟ್ಟಿಗೆ ಹೌದು, ಹೆಚ್ಚು ಕೊಬ್ಬು ಸುಡ್ತದೆ. ಉಳಿದ 23 ಗಂಟೆಯಲ್ಲಿ ಅಷ್ಟೇ ಕಡಿಮೆ ಸುಟ್ಟು ಸರಿದೂಗಿಸಿಕೊಳ್ತದೆ. ದಿನದ ಒಟ್ಟು ಊಟ ಒಂದೇ ಆಗಿದ್ದರೆ ತೂಕದಲ್ಲಿ ವ್ಯತ್ಯಾಸ ಬರುವುದಿಲ್ಲ. ಮತ್ತೆ, "ಎಲ್ಲರಿಗೂ" ಅನ್ನಬೇಡಿ.

ಕದ್ರಿ ಮಗಳು: ಮೇಡಂ, ಅಪ್ಪನಿಗೆ 58, ಶುಗರ್ ಉಂಟು. ಎರಡು ತಿಂಗಳಿಂದ ಖಾಲಿ ಹೊಟ್ಟೆಯಲ್ಲಿ ಜಿಮ್‌ಗೆ ಹೋಗ್ತಾರೆ. ಬಂದ ಮೇಲೆ ತುಂಬಾ ಬೆವರ್ತಾರೆ, ಸಿಡುಕು ಬೇರೆ. ಮೊನ್ನೆ ಮೀಟರ್ ಹಾಕಿದಾಗ 61 ಬಂತು. ಒಳ್ಳೆ ಕಂಟ್ರೋಲ್ ಅಂತ ಅವರಿಗೆ ಖುಷಿ. ಹೀಗೇ ಮುಂದುವರಿಸಬಹುದಾ?

ಡಯಟೀಶಿಯನ್: ಬೇಡ. ನಾಳೆ ಜಿಮ್‌ಗೆ ಕಳಿಸಬೇಡಿ. ಮಾತ್ರೆಯ ಪಟ್ಟಿಯಲ್ಲಿ ಬರೆದದ್ದನ್ನು ಹಾಗೇ ಇಲ್ಲಿ ಹಾಕಿ. ಬಿಪಿ ಮಾತ್ರೆ ಇದ್ದರೆ ಅದೂ. ರಾತ್ರಿ ಊಟದಿಂದ ಬೆಳಿಗ್ಗೆ ತಿಂಡಿವರೆಗೆ ಯಾವುದು ಎಷ್ಟು ಗಂಟೆಗೆ ಅಂತಲೂ ಬರೀರಿ.

ಪಣಂಬೂರು ಅಂಕಲ್: ಶುಗರಿಗೆ ಮೆಂತೆ ನೀರು ಖಾಲಿ ಹೊಟ್ಟೆಗೆ ಕುಡಿದ್ರೆ 40 ದಿನದಲ್ಲಿ ಮಾತ್ರೆಯೇ ಬೇಡ. ಈ ಮೆಸೇಜ್ ಹತ್ತು ಜನರಿಗೆ ಕಳಿಸಿ 🙏

ಡಯಟೀಶಿಯನ್: ಯಾರಿಗೂ ಕಳಿಸಬೇಡಿ. ಆ ಮನುಷ್ಯರಿಗೆ ಶುಗರ್ ಕಡಿಮೆಯಾಗಿದೆ, ಹೆಚ್ಚಾದದ್ದಲ್ಲ.

ಕದ್ರಿ ಮಗಳು: ಶುಗರ್ ಮಾತ್ರೆ: ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500, ವೊಗ್ಲಿಬೋಸ್ 0.2, ಮೂರೂ ಒಂದೇ ಮಾತ್ರೆಯಲ್ಲಿ. ಬಿಪಿಗೆ ಮೆಟೊಪ್ರೊಲಾಲ್. ರಾತ್ರಿ 8ಕ್ಕೆ ಎರಡು ಚಪಾತಿ, ಬಸಳೆ. ಬೆಳಿಗ್ಗೆ 5:30ಕ್ಕೆ ಶುಗರ್ ಮಾತ್ರೆ, ಚೀಟಿಯಲ್ಲಿ "ತಿಂಡಿಗೆ ಮೊದಲು" ಅಂತ ಉಂಟು. 6:15ಕ್ಕೆ ಜಿಮ್, 7:30ಕ್ಕೆ ವಾಪಸ್. ಸ್ನಾನ, ಪೂಜೆ, ಪೇಪರ್ ಆಗಿ ತಿಂಡಿ 9:30ಕ್ಕೆ.

ಡಯಟೀಶಿಯನ್: ಸರಿಯಾಗಿ ಬರೆದ್ರಿ. ಇದನ್ನೇ ಕಾಗದದಲ್ಲಿ ಬರೆದು ಇವತ್ತೇ ಅವರ ಡಾಕ್ಟರಿಗೆ ತೋರಿಸಿ. ಯಾಕೆ ಅಂತ ಹೇಳ್ತೇನೆ.

ಊಟ ಆಗಿ ಹದಿಮೂರೂವರೆ ಗಂಟೆ ಹೊಟ್ಟೆಗೆ ಏನೂ ಇಲ್ಲ. "ತಿಂಡಿಗೆ ಮೊದಲು" ಅಂತ ಡಾಕ್ಟರು ಬರೆದದ್ದು ತಟ್ಟೆ ಎದುರಿಗೆ ಬಂದಿರ್ತದೆ ಎಂಬ ಲೆಕ್ಕದಲ್ಲಿ, ನಾಲ್ಕು ಗಂಟೆ ಮೊದಲು ಅಂತ ಅಲ್ಲ. ಗ್ಲಿಮೆಪಿರೈಡ್ ತಿಂಡಿಗೆ ಕಾಯುವುದಿಲ್ಲ. ನೀವು ತಿನ್ನಿ, ಬಿಡಿ, ಅದು ಇನ್ಸುಲಿನ್ ಹೊರಡಿಸ್ತದೆ. ನುಂಗಿ ಎರಡು ಮೂರು ಗಂಟೆಗೆ ರಕ್ತದಲ್ಲಿ ಅದರ ಮಟ್ಟ ತುದಿಗೇರುವುದು, ಅಂದ್ರೆ ನಿಮ್ಮ ಅಪ್ಪನಿಗೆ 7:30ರಿಂದ 8:30. ಅದೇ ಹೊತ್ತಿಗೆ ಜಿಮ್‌ನಲ್ಲಿ ದುಡಿದ ಸ್ನಾಯುಗಳು ಇನ್ಸುಲಿನ್ ಹಂಗಿಲ್ಲದೆಯೂ ಸಕ್ಕರೆ ಎಳೀತಾ ಇರ್ತವೆ. ಲಿವರ್ ಬಿಡುಗಡೆ ಮಾಡಿ ಸರಿದೂಗಿಸಬೇಕಿತ್ತು, ಇನ್ಸುಲಿನ್ ಅದರ ಕೈ ಕಟ್ಟಿದೆ. 61 ಬಂದದ್ದು ಹೀಗೆ. 70ಕ್ಕಿಂತ ಕೆಳಗೆ ಕಂಟ್ರೋಲ್ ಅನ್ನುವುದಿಲ್ಲ.

ಇನ್ನೂ ಎರಡು ಗಂಟು ಉಂಟು. ಮೆಟೊಪ್ರೊಲಾಲ್ ಇರುವವರಿಗೆ ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆವರು ಮಾತ್ರ ಅಡಗುವುದಿಲ್ಲ. ಜಿಮ್ ಬೆವರು ಫ್ಯಾನ್ ಕೆಳಗೆ ಕೂತರೆ ಆರ್ತದೆ. ಸ್ನಾನ ಆಗಿಯೂ ತಣ್ಣಗೆ ಬೆವರುವುದು, ಸಿಡುಕುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವುದು, ಇದು ಕಂಡ್ರೆ ಮೊದಲು ಮೀಟರ್ ಹಾಕಿ.

ಎರಡನೆಯದು ವೊಗ್ಲಿಬೋಸ್. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನ ಮಾಡ್ತದೆ. ಹಾಗಾಗಿ ಶುಗರ್ ಇಳಿದಾಗ ಎಲ್ಲರಿಗೂ ಹೇಳುವ ಸಕ್ಕರೆ ನೀರು ಇವರಿಗೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಬೆಲ್ಲವೂ ಅಷ್ಟೇ. ಮೆಡಿಕಲಿನಲ್ಲಿ ಸಿಗುವ ಬರೀ ಗ್ಲುಕೋಸ್ ಪುಡಿ 15 ಗ್ರಾಂ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಮೀಟರ್ ಹಾಕಿ, 70 ದಾಟದಿದ್ದರೆ ಇನ್ನೊಮ್ಮೆ. ದಾಟಿದ ಮೇಲೆ ತಿಂಡಿ ಕೊಡಲೇಬೇಕು, ಯಾಕಂದ್ರೆ ಆ ಮಾತ್ರೆ ಇನ್ನೂ ಕೆಲಸ ಮಾಡ್ತಾ ಇರ್ತದೆ, ಮಧ್ಯಾಹ್ನ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, 108.

ಡಾಕ್ಟರ ಹತ್ತಿರ ಕೇಳಬೇಕಾದ್ದು: ಜಿಮ್ ಮುಗಿಸಿ 7:30ಕ್ಕೇ ತಿಂಡಿ, ಮಾತ್ರೆ ಆ ತಿಂಡಿಯ ಜೊತೆ, ಆಗಬಹುದಾ? ಡೋಸ್ ಇಳಿಸಬೇಕಾ? ನೀವಾಗಿ ಅರ್ಧ ಮುರಿಯುವುದು, ಬಿಡುವುದು ಮಾಡಬೇಡಿ. ಅವರು ಒಪ್ಪಿದ ಮೇಲೆ, ಹೊರಡುವ ಮೊದಲು ಮೀಟರ್ ಹಾಕಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನದೆ ಹೊರಡಬಾರದು. ನಿನ್ನೆಯ ಮಾತ್ರೆಯ ಬಾಲವೂ ಸ್ವಲ್ಪ ಇರ್ತದೆ. ತಿಂಡಿಗೆ ಎರಡು ಉದ್ದಿನ ದೋಸೆ, ಎರಡು ಮೊಟ್ಟೆ, ಒಂದು ಸಣ್ಣ ಬೌಲ್ ಹೆಸರುಕಾಳು. ಪೂಜೆ ತಿಂಡಿ ಆದ ಮೇಲೆ ಇಟ್ಟುಕೊಳ್ಳಲಿ.

ಸುರತ್ಕಲ್ ರನ್ನರ್: ಕೋಚ್ ಅಣ್ಣ, ಓದಿದ್ರಾ? "ಎಲ್ಲರಿಗೂ" ಮಾಡಿಸ್ತೀರಲ್ಲ, ಯಾರು ಎಂತ ಮಾತ್ರೆ ತಗೊಳ್ತಾರೆ ಅಂತ ಫಾರ್ಮಲ್ಲಿ ಕೇಳ್ತೀರಾ?

ಬಿಜೈ ಕೋಚ್: ಶುಗರ್ ಉಂಟಾ ಅಂತ ಕೇಳ್ತೇವೆ. ಮಾತ್ರೆ ಹೆಸರು ಓದ್ಲಿಕ್ಕೆ ನಾನು ಡಾಕ್ಟ್ರಾ?

ಡಯಟೀಶಿಯನ್: ಓದಬೇಕಾಗಿಲ್ಲ, ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್ ಒಂದೇ ಇದ್ದವರಿಗೆ ಈ ಭಯ ಬಹಳ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಇನ್ಸುಲಿನ್, ಈ ಮೂರರಲ್ಲಿ ಯಾವುದು ಕಂಡರೂ ಅವರನ್ನು ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಬೇಡಿ.

ಮಣಿಪಾಲ ಪಿಜಿ: ಖಾಲಿ ಹೊಟ್ಟೆಯಲ್ಲಿ ವರ್ಕೌಟ್ ಮಾಡಿದ್ರೆ ಮಸಲ್ ಲಾಸ್ ಆಗ್ತದಾ ಮ್ಯಾಮ್?

ಡಯಟೀಶಿಯನ್: ಮೊದಲ ಉತ್ತರ ಓದಿ.

ಬ್ರಹ್ಮಾವರ ಭಟ್ರು: ಇಷ್ಟೆಲ್ಲ ಲೆಕ್ಕ ಎಂತಕ್ಕೆ ಮಾರಾಯ್ರೆ? ನಮ್ಮ ಹಿರಿಯರು ಗಂಜಿ, ಉಪ್ಪಿನಕಾಯಿ ತಿಂದು ಗದ್ದೆ ಉತ್ತವರು. ಯಾವ ಪ್ರೋಟೀನ್ ಇತ್ತು?

ಮಣಿಪಾಲ ಪಿಜಿ: ಗಂಜಿ ಬರೀ ಕಾರ್ಬ್ಸ್ ಅಂಕಲ್. ಒಂದು ಸ್ಕೂಪ್ ವೇ ಹಾಕಿದ್ರೆ ಮುಗೀತು.

ಬ್ರಹ್ಮಾವರ ಭಟ್ರು: ಡಬ್ಬದ ಪುಡಿ ತಿನ್ನುವವರು ಗಂಜಿಗೆ ಹೆಸರಿಡ್ತಾರೆ! ಒಂದು ಮುಡಿ ಅಕ್ಕಿ ಹೊತ್ತು ತೋರಿಸು, ನೋಡುವ.

ಸುರತ್ಕಲ್ ರನ್ನರ್: ಭಟ್ರೇ, ಗದ್ದೆಗೆ ಹೋದವರು ಮಧ್ಯಾಹ್ನ ಎಷ್ಟು ಉಣ್ತಿದ್ರು, ನೀವು ಎಷ್ಟು ಉಣ್ತೀರಿ? ದಿನವಿಡೀ ಕುರ್ಚಿಯಲ್ಲಿ ಕೂತು ಅವರ ಗಂಜಿ ಮಾತ್ರ ಬೇಕು ಅಂದ್ರೆ ಆಗುವುದಿಲ್ಲ.

ಬ್ರಹ್ಮಾವರ ಭಟ್ರು: ನಾನು ಎಲ್ಲಿ ಕೂರ್ತೇನೆ ಅಂತ ನಿಮಗೆ ಹೇಗೆ ಗೊತ್ತು?

ಡಯಟೀಶಿಯನ್: ಗಂಜಿಯಲ್ಲಿ ನೀರು, ಪಿಷ್ಟ ಉಂಟು, ಉಪ್ಪು ಹಾಕಿ ಉಂಡರೆ ನಮ್ಮ ಊರಿನ ಬೆವರಿಗೆ ಬಹಳ ಒಳ್ಳೆಯದು. ಉದ್ದ ಓಟ ಓಡಿ ಬಂದವರಿಗೆ ಅದಕ್ಕಿಂತ ಸುಲಭದ ತಿಂಡಿ ಇಲ್ಲ. ಪ್ರೋಟೀನ್ ಸಾಲದು, ಅದೊಂದೇ ಕೊರತೆ. ಮಧ್ಯಮ ಗಾತ್ರದ ಎರಡು ಬಂಗುಡೆಯ ಪುಳಿಮುಂಚಿ ಜೊತೆಗಿದ್ದರೆ 20 ಗ್ರಾಂ ಮೇಲೆ ಬಂತು, ಮೀನು ತಿನ್ನದವರಿಗೆ ಹುರುಳಿ ಅಥವಾ ಹೆಸರುಕಾಳು. ವೇ ತಪ್ಪಲ್ಲ, ಬೇಕೇ ಬೇಕು ಅಂತಲೂ ಇಲ್ಲ. ಜಗಳ ಬೇರೆ ಕಡೆ ಮಾಡಿ.

ಮೇಳದವ: ಮೇಡಂ, ನಾನು ಯಕ್ಷಗಾನ ಮೇಳದಲ್ಲಿ. ರಾತ್ರಿ ಇಡೀ ಕುಣಿತ, ಬೆಳಿಗ್ಗೆ 7ಕ್ಕೆ ಮಲಗಿ 1 ಗಂಟೆಗೆ ಏಳುವುದು. ವ್ಯಾಯಾಮ ಸಂಜೆ 4ಕ್ಕೆ. ನನಗೆ ಮೊದಲ ತಿಂಡಿ ಯಾವುದು, ಮಲಗುವ ಮೊದಲಿನದ್ದಾ, ಎದ್ದ ಮೇಲಿನದ್ದಾ?

ಉಡುಪಿ ಅಕ್ಕ: ಏಕಾದಶಿ ದಿನ ನಿರ್ಜಲ ಮಾಡ್ತೇನೆ. ಅವತ್ತು ಜಿಮ್?

ಡಯಟೀಶಿಯನ್: ನಿರ್ಜಲ ಅಂದ್ರೆ ಬೇಡ. ತಿಂಡಿ ಬಿಟ್ಟದ್ದಕ್ಕಲ್ಲ, ನೀರು ಬಿಟ್ಟದ್ದಕ್ಕೆ.

ಪಣಂಬೂರು ಅಂಕಲ್: ಬಿಸಿನೀರು, ನಿಂಬೆ, ಜೇನು ಬೆಳಿಗ್ಗೆ ಕುಡಿದ್ರೆ ಕೊಬ್ಬೂ ಕರಗ್ತದೆ, ಶುಗರೂ ಸಮ ಆಗ್ತದೆ. ಡಾಕ್ಟರುಗಳು ಹೇಳುವುದಿಲ್ಲ 🙏

ಡಯಟೀಶಿಯನ್: ಹೇಳುವುದಿಲ್ಲ, ಯಾಕಂದ್ರೆ ಸುಳ್ಳು. ಜೇನು ಅಂದ್ರೆ ಸಕ್ಕರೆಯೇ. ಮೇಲೆ ಒಬ್ಬರ ಜೀವದ ವಿಷಯ ನಡೀತಾ ಉಂಟು, ನಡುವೆ ಇಂಥದ್ದು ಹಾಕಿದರೆ ನಾನು ಇಲ್ಲಿ ಬರೆಯುವುದು ಬಿಡ್ತೇನೆ. ಅಡ್ಮಿನ್ ನೋಡಿಕೊಳ್ಳಿ.

ಪಣಂಬೂರು ಅಂಕಲ್: ಓದಿದವರಿಗೆ ಅಹಂಕಾರ ಜಾಸ್ತಿ.

ಬಿಜೈ ಕೋಚ್: ಅಂಕಲ್, ಸಾಕು ಮಾಡಿ. ಮೇಡಂ, ನಮ್ಮ ಫಾರ್ಮಿಗೆ ಮಾತ್ರೆಯ ಸಾಲು ಸೇರಿಸ್ತೇನೆ. ಆದ್ರೂ ಖಾಲಿ ಹೊಟ್ಟೆ ಕಾರ್ಡಿಯೋದಿಂದ ನನ್ನ ಹುಡುಗರು ಇಳಿದದ್ದು ಸುಳ್ಳಲ್ಲ.

ಸುರತ್ಕಲ್ ರನ್ನರ್: ತಿಂಡಿ ಬಿಟ್ಟು ಒಟ್ಟು ಊಟ ಕಡಿಮೆ ಆಯ್ತು, ಇಳಿದ್ರು. ಅದನ್ನೇ ಅಲ್ವಾ ಅವರು ಹೇಳಿದ್ದು?

ಬಿಜೈ ಕೋಚ್: ನೀವು ಓಡಿ ಮಾರಾಯ್ರೆ.

ಕದ್ರಿ ಮಗಳು: ಮೇಡಂ, ಡಾಕ್ಟರಿಗೆ ಫೋನ್ ಮಾಡಿದೆ. ಸಂಜೆ ಕರ್ಕೊಂಡು ಬನ್ನಿ, ಅಲ್ಲಿವರೆಗೆ ಊಟ ಬಿಟ್ಟು ಮಾತ್ರೆ ಕೊಡಬೇಡಿ ಅಂದ್ರು. ಮೆಡಿಕಲಿನಲ್ಲಿ ಕಿತ್ತಳೆ ರುಚಿಯ ಗ್ಲುಕೋಸ್ ಪುಡಿ ಕೊಟ್ಟಿದ್ದಾರೆ, ಅದಾಗ್ತದಾ?

ಡಯಟೀಶಿಯನ್: ಪ್ಯಾಕೆಟಿನ ಹಿಂದೆ ಸಾಮಗ್ರಿ ಪಟ್ಟಿ ನೋಡಿ. ಡೆಕ್ಸ್‌ಟ್ರೋಸ್ ಮಾತ್ರ ಇದ್ದರೆ ಆಗ್ತದೆ, ಅದು ಗ್ಲುಕೋಸೇ. ರುಚಿ ಹಾಕಿದ ಪುಡಿಗಳಲ್ಲಿ ಕೆಲವಕ್ಕೆ ಮಾಮೂಲು ಸಕ್ಕರೆ ಬೆರೆಸಿರ್ತಾರೆ, ಪಟ್ಟಿಯಲ್ಲಿ ಸಕ್ಕರೆ ಅಥವಾ ಸುಕ್ರೋಸ್ ಅಂತ ಇದ್ದರೆ ವಾಪಸ್ ಕೊಟ್ಟು ರುಚಿ ಇಲ್ಲದ್ದು ತನ್ನಿ. ಅಡುಗೆಮನೆ ತಕ್ಕಡಿಯಲ್ಲಿ 15 ಗ್ರಾಂ ತೂಗಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಒಂದು ಅಪ್ಪನ ಜಿಮ್ ಬ್ಯಾಗಿನಲ್ಲಿ, ಒಂದು ಸ್ಕೂಟರಿನಲ್ಲಿ ಇರಲಿ.