ಸ್ಪಾನ್ಸರ್ ಮಾತು ತೆಗೆದರೆ ಹೋಸ್ಟ್ ತಲೆ ಎಗರುತ್ತಿದೆ: ಮುಚ್ಚಿದವರು ಹೇಗೆ ಮುಚ್ಚಿದಿರಿ?

ಎರಡು_ಕುರ್ಚಿ: ನಮ್ಮ ಪಾಡ್‌ಕಾಸ್ಟ್‌ನ ಒಂದು ಎಪಿಸೋಡಿನ ಮಧ್ಯೆ 70 ಸೆಕೆಂಡ್ ಸ್ಪಾನ್ಸರ್ ಮಾತಿದೆ. ಈಗ ಅದಿಲ್ಲದ ಕಾಪಿ ಬೇಕು. ಎರಡು ಕ್ಯಾಮೆರಾದ ಫೂಟೇಜ್ ಪೂರ್ತಿ ಇದೆ. ಕತ್ತರಿಸಿದರೆ ಹೋಸ್ಟ್ ತಲೆ ಟಕ್ ಅಂತ ಪಕ್ಕಕ್ಕೆ ಎಗರುತ್ತದೆ. ಅಲ್ಲಿ ಬೇರೆ ಶಾಟ್ ಹಾಕಿ ಮುಚ್ಚಬಹುದಾ? ಮಾಡಿದವರು ಅನುಭವ ಹೇಳಿ.

ಮೈಕ್_ಮಂಜ: ಮೂರು ಸಲ ಮಾಡಿದ್ದೇನೆ. ಮೊದಲನೇ ಸಲ ಹಾಳು ಮಾಡಿದೆ, ಅದನ್ನೇ ಹೇಳುತ್ತೇನೆ. ನಾನೂ ನಿಮ್ಮ ಹಾಗೆ ಚಿತ್ರದ ಹಿಂದೆ ಬಿದ್ದು ಎರಡು ರಾತ್ರಿ ಕಳೆದೆ. ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಿಂದಲೇ, ಸ್ಕ್ರೀನ್ ನೋಡದೆಯೇ, "ಇಲ್ಲಿ ಏನೋ ಕಟ್ ಆಯ್ತಲ್ಲ" ಅಂದಳು. ಕಣ್ಣಿಗೆ ಮೋಸ ಮಾಡಿದ್ದೆ, ಕಿವಿಗೆ ಮಾಡಿರಲಿಲ್ಲ. ಆಮೇಲೆ ಗೊತ್ತಾಯಿತು: ಜಾಹೀರಾತು ಓದುವಾಗ ಕ್ಲೀನಾಗಿ ಬರಲಿ ಅಂತ ನಾವೇ ಫ್ಯಾನ್ ಆಫ್ ಮಾಡಿದ್ದೆವು, ಮತ್ತೆ ಹಾಕಿದ್ದು ಮಾತು ಶುರುವಾಗಿ ಸುಮಾರು ಹೊತ್ತಾದ ಮೇಲೆ. ಅಂದರೆ ಕಟ್‌ಗೆ ಮೊದಲು ಫ್ಯಾನ್ ಗುಂಯ್ ಅನ್ನುತ್ತದೆ, ಕಟ್ ಆದ ತಕ್ಷಣ ರೂಮು ಸತ್ತು ಹೋದ ಹಾಗಿರುತ್ತದೆ. ಎಪಿಸೋಡಿನ ಶುರುವಿನಲ್ಲಿ ಯಾರೂ ಮಾತಾಡದ 11 ಸೆಕೆಂಡ್ ಸಿಕ್ಕಿತು. ಅದೇ ಗುಂಯ್ ಸದ್ದನ್ನು ಕಟ್ ಆದ ಜಾಗದಿಂದ ಕೆಳಗೆ ಹಾಸಿ, ನಿಜವಾದ ಫ್ಯಾನ್ ಸದ್ದು ಮತ್ತೆ ಬರುವಲ್ಲಿ ನಿಧಾನವಾಗಿ ಇಳಿಸಿದೆ. 11 ಸೆಕೆಂಡ್ ಸಾಲದೆ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದೆ.

ಹಾಗಾಗಿ ಈಗ ಮೊದಲು ಚಿತ್ರ ನೋಡುವುದೇ ಇಲ್ಲ. ಆಡಿಯೋ ಕತ್ತರಿಸಿ, ಜೋಡಿಸಿ, ಎರಡು ಮೂರು ಫ್ರೇಮ್ ಕ್ರಾಸ್‌ಫೇಡ್ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತೇನೆ. ಉಸಿರು ಎಳೆದುಕೊಳ್ಳುವ ಸದ್ದಿನ ಮಧ್ಯೆ ಕತ್ತರಿ ಹಾಕಬೇಡಿ. ಒಂದೋ ಪೂರ್ತಿ ಉಸಿರು ಇರಲಿ, ಇಲ್ಲಾ ಪೂರ್ತಿ ಹೋಗಲಿ. ಅರ್ಧ ಉಸಿರು ಬಿಕ್ಕಿದ ಹಾಗೆ ಕೇಳುತ್ತದೆ.

ಇನ್ನು ಚಿತ್ರ. ಜಾಹೀರಾತು ಓದುವಾಗ ನಮ್ಮ ಹೋಸ್ಟ್ ನೇರ ಲೆನ್ಸ್ ನೋಡುತ್ತಾನೆ, ಮುಗಿದ ಮೇಲೆ ಅತಿಥಿ ಕಡೆ ತಿರುಗುತ್ತಾನೆ. ಆ ತಿರುಗುವ ಅರ್ಧ ಸೆಕೆಂಡ್ ಇದೆಯಲ್ಲ, ಅದನ್ನು ಉಳಿಸಿಕೊಂಡು ಕತ್ತರಿಸಿದರೆ ಕತ್ತು ಹಾರುತ್ತದೆ. ನಿಮ್ಮದೂ ಅದೇ ಅಂತ ನನ್ನ ಅನುಮಾನ. ನಾನು ಅತಿಥಿ ಸುಮ್ಮನೆ ಕೇಳುತ್ತಾ ಕೂತ ಶಾಟ್ ಹಾಕಿದೆ. ಅದು ಕಟ್‌ಗೆ 12 ಫ್ರೇಮ್ ಮೊದಲೇ ಶುರು, ಕಟ್ ಆಗಿ ಎರಡು ಸೆಕೆಂಡ್ ಆದ ಮೇಲೆ ಮುಗಿಯುತ್ತದೆ. ಸರಿಯಾಗಿ ಕಟ್ ಮೇಲೆಯೇ ಶುರು ಮಾಡಿದರೆ ಸದ್ದು, ಚಿತ್ರ ಎರಡೂ ಒಂದೇ ಕ್ಷಣ ಬದಲಾಗುತ್ತವೆ, ನೋಡುವವರಿಗೆ ಅಲ್ಲೇ ಬೆರಳಿಟ್ಟು ತೋರಿಸಿದ ಹಾಗೆ.

ಕಮಾಂಡ್_ಲೈನ್: ಇಷ್ಟಕ್ಕೆ ಎರಡು ರಾತ್ರಿಯಾ? ಎಡಿಟರ್ ತೆರೆಯುವುದೇ ಬೇಡ. ಜಾಹೀರಾತಿಗೆ ಮೊದಲಿನದ್ದು ಒಂದು ಫೈಲ್, ನಂತರದ್ದು ಒಂದು ಫೈಲ್, ಎರಡನ್ನೂ ಅಂಟಿಸಿ. ಎರಡನೇ ಭಾಗಕ್ಕೆ:

```
ffmpeg -ss 00:23:41 -i ep9.mp4 -c copy part2.mp4
```

ರೀ-ಎನ್‌ಕೋಡ್ ಇಲ್ಲ, ಕ್ವಾಲಿಟಿ ಹೋಗಲ್ಲ, ನಿಮಿಷದ ಒಳಗೆ ಮುಗಿಯಿತು. ನಾನು 20 ಎಪಿಸೋಡ್ ಹೀಗೇ ಮಾಡಿದ್ದೇನೆ.

ಮೈಕ್_ಮಂಜ: ಆ 20 ಎಪಿಸೋಡ್ ಕೇಳಿ ನೋಡಿದ್ದೀರಾ ಗುರುಗಳೇ? `-c copy` ನೀವು ಹೇಳಿದ ಫ್ರೇಮಿನಲ್ಲಿ ಕತ್ತರಿಸುವುದಿಲ್ಲ. ಹಿಂದಿನ ಕೀಫ್ರೇಮಿಗೆ ಹೋಗಿ ಅಲ್ಲಿಂದ ಶುರು ಮಾಡುತ್ತದೆ. ಅದು ಎರಡು ಸೆಕೆಂಡ್ ಹಿಂದಿದ್ದರೆ "...ಕೋಡ್ ಬಳಸಿ, ಧನ್ಯವಾದ" ಅನ್ನುವ ಬಾಲ ಉಳಿಯುತ್ತದೆ. ಕೆಲವು ಪ್ಲೇಯರ್ ಆ ಬಾಲ ತೋರಿಸುವುದಿಲ್ಲ, ಕೆಲವು ತೋರಿಸುತ್ತವೆ. ಇನ್ನು ಶಾಟ್ ಮೇಲೆ ಶಾಟ್ ಹಾಕುವುದು ಎನ್‌ಕೋಡ್ ಇಲ್ಲದೆ ಆಗುವ ಮಾತೇ ಅಲ್ಲ. ಕೇಳಿದ್ದು ಮುಚ್ಚುವುದು ಹೇಗೆ ಅಂತ.

ಕಮಾಂಡ್_ಲೈನ್: ಬಾಲ ಬಂದಿದ್ದು ಎರಡರಲ್ಲಿ ಮಾತ್ರ. ಮುಚ್ಚಲೇಬೇಕು ಅಂತ ಯಾರು ಹೇಳಿದರು? ಈಗ ಜಂಪ್ ಕಟ್ ನೋಡಿ ನೋಡಿ ಎಲ್ಲರಿಗೂ ಅಭ್ಯಾಸ ಆಗಿದೆ.

ಮಲ್ನಾಡ್_ಮಾತು: ಮುಚ್ಚಬೇಡಿ ಅನ್ನುವವರು ನನ್ನ ಎಪಿಸೋಡಿನ ಕಾಮೆಂಟ್ ಓದಬೇಕಿತ್ತು. ನನ್ನದು ಒಂದೇ ಕ್ಯಾಮೆರಾ, ಅದೂ ಫೋನು. ಅತಿಥಿ ಒಬ್ಬರು ಹಿರಿಯ ರೈತರು, ಅಡಿಕೆ ಕೊಳೆರೋಗದ ಬಗ್ಗೆ ಮಾತಾಡುತ್ತಿದ್ದರು. ಮಧ್ಯೆ ಒಂದು ಗೊಬ್ಬರದ ಜಾಹೀರಾತು. ಅದನ್ನು ಜಂಪ್ ಕಟ್ ಮಾಡಿ ಬಿಟ್ಟೆ. "ಇಲ್ಲಿ ಅಜ್ಜ ಏನೋ ಹೇಳಿದ್ದನ್ನು ತೆಗೆದಿದ್ದೀರಿ, ಯಾರ ಒತ್ತಡ?" ಅಂತ ಸಾಲು ಸಾಲು ಕಾಮೆಂಟು. ಜಾಹೀರಾತು ತೆಗೆದಿದ್ದು ಮಾರಾಯ್ರೆ ಅಂದರೂ ಯಾರೂ ನಂಬಲಿಲ್ಲ.

ಆಮೇಲೆ ಮುಚ್ಚಲು ಹೊರಟೆ. ಬೇರೆ ಶಾಟ್ ಇಲ್ಲ. ಟೇಬಲ್ ಮೇಲಿನ ಕಾಫಿ ಲೋಟವನ್ನು ಈಗ ಶೂಟ್ ಮಾಡಿ ಹಾಕೋಣ ಅಂತ ಅದೇ ಮನೆಗೆ 38 ಕಿಲೋಮೀಟರ್ ಬೈಕಿನಲ್ಲಿ ಹೋದೆ. ಪೆಟ್ರೋಲು, ಬಾಡಿಗೆ ಲೈಟು ಸೇರಿ 1,150 ರೂಪಾಯಿ. ಸಂಜೆ ಆಗಿತ್ತು, ಕಿಟಕಿ ಬೆಳಕು ಇಲ್ಲ, ಟ್ಯೂಬ್‌ಲೈಟ್ ಹಾಕಿದೆ. ಮನೆಗೆ ಬಂದು ನೋಡಿದರೆ ಲೋಟದ ಮೇಲೆ ಕಪ್ಪು ಪಟ್ಟಿ ಓಡುತ್ತಿದೆ. ಇಲ್ಲಿನ ಕರೆಂಟ್ 50 ಹರ್ಟ್ಸ್, ನಾನು ಫೋನನ್ನು 30 ಫ್ರೇಮ್, 1/60 ಶಟರ್‌ಗೆ ಇಟ್ಟಿದ್ದೆ. 1/50 ಇಟ್ಟಿದ್ದರೆ ಪಟ್ಟಿ ಬರುತ್ತಿರಲಿಲ್ಲ ಅಂತ ಆಮೇಲೆ ಒಬ್ಬರು ಹೇಳಿದರು. ಹಗಲು ಶೂಟ್ ಮಾಡಿದ ಎಪಿಸೋಡಿನಲ್ಲಿ ಈ ಪ್ರಶ್ನೆಯೇ ಬಂದಿರಲಿಲ್ಲ. ಮತ್ತೆ ಹೋಗುವ ಮುಖ ಇರಲಿಲ್ಲ. ಅವರ ಮನೆಯವರು ಎರಡನೇ ಸಲವೂ ಕಾಫಿ ಮಾಡಿ ಕೊಟ್ಟಿದ್ದರು, ಲೋಟ ಮಾತ್ರ ಬೇಕಿತ್ತು ಅಂತ ಹೇಗೆ ಹೇಳುವುದು?

ರೀಲ್_ರಂಗ: ಮೇಡಂ, ಫೋನಿನಲ್ಲಿ 4ಕೆ ಇತ್ತಲ್ವಾ? ಕಟ್ ಆದ ಮೇಲಿನ ಭಾಗವನ್ನು 120 ಪರ್ಸೆಂಟ್ ಝೂಮ್ ಮಾಡಿದ್ದರೆ ಮುಗಿದಿತ್ತು. ಎರಡನೇ ಕ್ಯಾಮೆರಾ ಇದ್ದ ಹಾಗೆ ಕಾಣುತ್ತದೆ. ಬೈಕೂ ಬೇಡ, ಲೋಟವೂ ಬೇಡ.

ಮಲ್ನಾಡ್_ಮಾತು: ಫುಲ್ ಎಚ್‌ಡಿ. ಸ್ಟೋರೇಜ್ ಇರಲಿಲ್ಲ. ಝೂಮ್ ಮಾಡಿದೆ, ಅಜ್ಜನ ಗಡ್ಡ ಹತ್ತಿಯ ಹಾಗಾಯಿತು. ಎಲ್ಲರ ಫೋನೂ ನಿಮ್ಮದರ ಹಾಗಿರುವುದಿಲ್ಲ.

ಡಿಸ್ಕ್ರಿಪ್ಶನ್_ಓದಿ: ಯೂಟ್ಯೂಬಿಗೆ ಹೋಗಿರುವ ವಿಡಿಯೋ ಆದರೆ ಇಷ್ಟೆಲ್ಲ ಯಾಕೆ? ಸ್ಟುಡಿಯೋದಲ್ಲಿ "Trim & cut" ಇದೆ, ಅಲ್ಲೇ ತೆಗೆಯಬಹುದು. ಲಿಂಕ್ ಅದೇ, ವ್ಯೂಸ್ ಅದೇ, ಕಾಮೆಂಟ್ ಅದೇ. ನಾನು ಹಾಗೆ ಮಾಡಿದೆ. ಸೇವ್ ಕೊಟ್ಟ ಮೇಲೆ ಮರುದಿನದವರೆಗೂ ಹಳೆಯದೇ ಓಡುತ್ತಿತ್ತು, ಅದೊಂದು ಎದೆಬಡಿತ. ಆಮೇಲೆ ಡಿಸ್ಕ್ರಿಪ್ಶನ್‌ನಲ್ಲಿ ಬರೆದ ಚಾಪ್ಟರ್ ಸಮಯ ಎಲ್ಲ 70, 80 ಸೆಕೆಂಡ್ ಮುಂದೆ ಹೋಗಿದ್ದವು, ಕೈಯಲ್ಲೇ ತಿದ್ದಿದೆ. ಕೂಪನ್ ಲಿಂಕು ಪಿನ್ ಮಾಡಿದ ಕಾಮೆಂಟಿನಲ್ಲಿ ಹಾಗೇ ಉಳಿದು ಎರಡು ತಿಂಗಳಾದ ಮೇಲೆ ಕಣ್ಣಿಗೆ ಬಿತ್ತು!

ಮೈಕ್_ಮಂಜ: ಅಲ್ಲಿ ತೆಗೆಯಬಹುದು ಅಷ್ಟೇ, ಮೇಲೆ ಬೇರೆ ಶಾಟ್ ಹಾಕಲು ಆಗುವುದಿಲ್ಲ. ಎಗರುವುದು ಎಗರುತ್ತಲೇ ಇರುತ್ತದೆ. ಮುಚ್ಚಿದ ಫೈಲನ್ನು ಹಳೇ ಲಿಂಕಿಗೆ ಹಾಕುವ ದಾರಿಯೂ ಇಲ್ಲ, ಹೊಸದಾಗಿ ಏರಿಸಬೇಕು. ಹೊಸ ಕಾಪಿ ಎಲ್ಲಿಗೆ ಅಂತ ಅವರು ಇನ್ನೂ ಹೇಳಿಲ್ಲ.

ಬಿಲ್_ಬಾಕಿ: ನೀವೆಲ್ಲ ಫ್ಯಾನು ಲೋಟ ಅಂತಿದ್ದೀರಿ. ನಾನು ಚೆನ್ನಾಗಿಯೇ ತೆಗೆದೆ, ಯಾರಿಗೂ ಗೊತ್ತಾಗಲಿಲ್ಲ, ಸ್ಪಾನ್ಸರ್‌ಗೆ ಬಿಟ್ಟು. ಒಪ್ಪಂದದಲ್ಲಿ 90 ದಿನ ಇರಬೇಕು ಅಂತಿತ್ತು, ನಾನು ಎಪಿಸೋಡ್ ರೆಕಾರ್ಡ್ ಮಾಡಿದ ದಿನದಿಂದ ಎಣಿಸಿದೆ, ಅವರು ಪಬ್ಲಿಶ್ ಆದ ದಿನದಿಂದ. ಮಧ್ಯೆ 16 ದಿನ ವ್ಯತ್ಯಾಸ. ಉಳಿದ 12,000 ರೂಪಾಯಿ ಇವತ್ತಿಗೂ ಬಂದಿಲ್ಲ. ಇನ್‌ವಾಯ್ಸ್ ಕಳಿಸಿದ್ದಕ್ಕೆ ಜಿಎಸ್‌ಟಿಯನ್ನು ನಾನೇ ಕೈಯಿಂದ ಕಟ್ಟಿದ್ದೇನೆ. ಮೊದಲು ಕಾಗದ ಓದಿ, ಆಮೇಲೆ ಕತ್ತರಿ ಹಿಡಿಯಿರಿ.

ಕಮಾಂಡ್_ಲೈನ್: ದಿನ ಎಣಿಸಲು ಬರದಿದ್ದರೆ ಅದು ಸ್ಪಾನ್ಸರ್ ತಪ್ಪಾ?

ಬಿಲ್_ಬಾಕಿ: ಸ್ಪಾನ್ಸರ್ ತಪ್ಪು ಅಂತ ನಾನೆಲ್ಲಿ ಹೇಳಿದೆ? ಬಾಲ ಬಿಟ್ಟು 20 ಎಪಿಸೋಡ್ ಏರಿಸಿದವರು ಎಣಿಕೆ ಪಾಠ ಮಾಡುವುದು ಬೇಡ.

ರೀಲ್_ರಂಗ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಮಂಜಣ್ಣ, ಒಂದು ಸಂಶಯ. ಅತಿಥಿ ಕೇಳುತ್ತಾ ಕೂತ ಶಾಟ್ ಬೇರೆ ಕಡೆಯಿಂದ ಕದ್ದು ತರುವುದು ಯಾಕೆ? ಎರಡನೇ ಕ್ಯಾಮೆರಾ ಆ ಕ್ಷಣವೂ ಓಡುತ್ತಿತ್ತಲ್ಲ, ಅದನ್ನೇ ತೋರಿಸಿ.

ಮೈಕ್_ಮಂಜ: ಸಿಕ್ಕಿದರೆ ಅದೇ ಒಳ್ಳೆಯದು, ಒಪ್ಪಿದೆ. ನನಗೆ ಸಿಗಲಿಲ್ಲ. ಜಾಹೀರಾತು ಶುರುವಾದ ಕೂಡಲೇ ಅತಿಥಿ ಫೋನ್ ತೆಗೆದರು, ಮುಗಿದ ಮೇಲೂ ಮೂರು ನಾಲ್ಕು ಸೆಕೆಂಡ್ ಫೋನ್ ಜೇಬಿಗೆ ಹಾಕುತ್ತಿದ್ದರು. ಹೋಸ್ಟ್ ಗಂಭೀರ ಪ್ರಶ್ನೆ ಕೇಳುತ್ತಿದ್ದಾನೆ, ಇವರು ಜೇಬು ತಡಕುತ್ತಿದ್ದಾರೆ. ಅದಕ್ಕೇ ಹಿಂದಿನಿಂದ ತಂದೆ. ತರುವಾಗ ತುಟಿ ನೋಡಬೇಕು. "ಹೂಂ" ಅಂದಿದ್ದರೂ ತುಟಿ ಅಲುಗುತ್ತದೆ, ಸದ್ದು ಬರುವುದಿಲ್ಲ, ದೆವ್ವದ ಹಾಗೆ ಕಾಣುತ್ತದೆ. ತಲೆ ಮಾತ್ರ ಆಡಿಸಿದ್ದು ಸಾಕು. ಮತ್ತೆ ಹತ್ತಿರದ ಜಾಗದಿಂದಲೇ ತನ್ನಿ. ನಾನು ಮೊದಲು 40 ನಿಮಿಷ ಆಚೆಯಿಂದ ತಂದಿದ್ದೆ, ಅಷ್ಟರಲ್ಲಿ ಅವರು ಸ್ವೆಟರ್ ಬಿಚ್ಚಿದ್ದರು.

ಮಲ್ನಾಡ್_ಮಾತು: ಆದರೆ ಇದು ಸರಿಯಾ ಅಂತ ಯಾರೂ ಕೇಳಲಿಲ್ಲ. ಬೇರೆ ಮಾತಿಗೆ ತಲೆ ಆಡಿಸಿದ್ದನ್ನು ತಂದು ಈ ಪ್ರಶ್ನೆಗೆ ಅಂಟಿಸಿದರೆ, ಅವರು ಒಪ್ಪದ್ದಕ್ಕೆ ಒಪ್ಪಿದ ಹಾಗೆ ಆಗುವುದಿಲ್ಲವಾ? ನಮ್ಮ ಅಜ್ಜನ ವಿಷಯದಲ್ಲಿ ನಾನಂತೂ ಹಾಗೆ ಮಾಡುತ್ತಿರಲಿಲ್ಲ.

ರೀಲ್_ರಂಗ: ಎರಡು ಸೆಕೆಂಡಿನ ತಲೆಗೆ ಇಷ್ಟು ಧರ್ಮಶಾಸ್ತ್ರವಾ!

ಮಲ್ನಾಡ್_ಮಾತು: ಕಾಮೆಂಟು ತಿಂದವಳು ನಾನು, ನೀವಲ್ಲ.

ಮೈಕ್_ಮಂಜ: ಮೇಡಂ ಹೇಳಿದ್ದರಲ್ಲಿ ಅರ್ಥವಿದೆ. ನನ್ನದರಲ್ಲಿ ಹೋಸ್ಟ್ ಕೇಳಿದ್ದು "ಊರು ಯಾವಾಗ ಬಿಟ್ಟಿರಿ" ಅಂತ, ಅದಕ್ಕೆ ತಲೆ ಆಡಿಸಿದರೆ ತೊಂದರೆ ಇಲ್ಲ. "ಆ ದುಡ್ಡು ತಗೊಂಡಿದ್ದು ನಿಜವಾ" ಅಂತ ಕೇಳಿದ್ದರೆ ಹಾಕುತ್ತಿರಲಿಲ್ಲ. ಆಗ ಕೈಯದ್ದೋ ಮೈಕಿನದ್ದೋ ಶಾಟ್ ಹುಡುಕುತ್ತಿದ್ದೆ.

ಎರಡು_ಕುರ್ಚಿ: ಎಲ್ಲರಿಗೂ ಥ್ಯಾಂಕ್ಸ್. ಮಂಜಣ್ಣ, ನೀವು ಹೇಳಿದ ಕತ್ತು ತಿರುಗುವುದೇ ನಮ್ಮ ಸಮಸ್ಯೆ, 14 ಫ್ರೇಮ್ ಮುಂದೆ ಕತ್ತರಿಸಿದೆ, ಅರ್ಧ ಎಗರುವುದು ಅಲ್ಲೇ ಹೋಯಿತು. ಎರಡನೇ ಕ್ಯಾಮೆರಾದಲ್ಲಿ ಅತಿಥಿ ಆ ಕ್ಷಣ ಸುಮ್ಮನೆ ಕೇಳುತ್ತಾ ಕೂತಿದ್ದಾರೆ, ಅದನ್ನೇ ಹಾಕಿದೆ. ಈಗ ಹೊಸ ತಲೆನೋವು. 31ನೇ ನಿಮಿಷದಲ್ಲಿ ಹೋಸ್ಟ್ "ಆಗಲೇ ಹೇಳಿದೆನಲ್ಲ, ಆ ಆಪ್‌ನಲ್ಲೇ ನೋಡಿದ್ದು" ಅನ್ನುತ್ತಾನೆ, ಅತಿಥಿ ಅದಕ್ಕೆ ನಗುತ್ತಾರೆ, ಆ ನಗುವಿನ ಮೇಲೆಯೇ ಮುಂದಿನ ಉತ್ತರ ಶುರುವಾಗುತ್ತದೆ.

ಮೈಕ್_ಮಂಜ: ಅಯ್ಯೋ. ನಗುವೂ ಮಾತೂ ಒಂದೇ ಮೈಕಿನಲ್ಲಾ, ಬೇರೆ ಬೇರೆ ಟ್ರ್ಯಾಕಾ?

ಎರಡು_ಕುರ್ಚಿ: ಮೈಕ್ ಎರಡು. ಟ್ರ್ಯಾಕ್ ಒಂದೇ.

ಕಮಾಂಡ್_ಲೈನ್: ಅದಕ್ಕೇ ಹೇಳಿದ್ದು, ಬಿಟ್ಟುಬಿಡಿ ಅಂತ.

ಬಿಲ್_ಬಾಕಿ: ಆ 31ನೇ ನಿಮಿಷದ್ದಕ್ಕೆ ಬೇರೆ ಬಿಲ್ ಹಾಕಿದ್ರಾ?